ಮಸೂರದ ಒಂದು ಲೆಕ್ಕ, ಮೂರು ಪ್ರಶ್ನೆಪತ್ರಿಕೆ: ನನ್ನ ಅನುಭವ

ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುವ ನಾನು, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಕಿರುಪರೀಕ್ಷೆಗೆ ಎ, ಬಿ, ಸಿ ಎಂದು ಮೂರು ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸುತ್ತೇನೆ. ಒಂದೇ ಬೆಂಚಿನಲ್ಲಿ ಮೂವರು ಕುಳಿತು ಬರೆಯುವ ಕೊಠಡಿಯಲ್ಲಿ ಲೆಕ್ಕದ ದತ್ತಾಂಶಗಳನ್ನು ಬದಲಿಸದೆ ವಿಧಿಯಿಲ್ಲ. ಆದರೆ ಬದಲಿಸಿದ ಮೇಲೂ ಮೂವರ ಪಾಲಿಗೆ ಬಂದ ಶ್ರಮ ಒಂದೇ ಆಗಿರಬೇಕು. ಇದನ್ನು ನಾನು ಸಾಧಿಸಿಕೊಂಡ ಬಗೆಯನ್ನು ಪೀನ ಮಸೂರದ ಒಂದು ಲೆಕ್ಕದ ಮೂಲಕ ವಿವರಿಸುತ್ತೇನೆ.

ಸಂಗಮದೂರ 20 ಸೆಂ.ಮೀ. ಇರುವ ಪೀನ ಮಸೂರದಿಂದ 30 ಸೆಂ.ಮೀ. ದೂರದಲ್ಲಿ ವಸ್ತುವಿದೆ, ಪ್ರತಿಬಿಂಬ ಎಲ್ಲಿ ಮೂಡುತ್ತದೆ, ಅದರ ವರ್ಧನೆ ಎಷ್ಟು? ಉತ್ತರ 60 ಸೆಂ.ಮೀ. ಮತ್ತು −2. ಇದರಲ್ಲಿ ವಸ್ತುದೂರವೊಂದನ್ನೇ ಬದಲಿಸಹೊರಟರೆ ಪ್ರಶ್ನೆಯ ಸ್ವರೂಪವೇ ಬದಲಾಗಬಹುದು. 15 ಸೆಂ.ಮೀ. ಎಂದು ಕೊಟ್ಟರೆ ವಸ್ತು ಸಂಗಮದೂರದ ಒಳಗೆ ಬಂದು ಮಿಥ್ಯ ಪ್ರತಿಬಿಂಬದ ಪ್ರಶ್ನೆಯಾಗುತ್ತದೆ. 40 ಎಂದು ಕೊಟ್ಟರೆ ವಸ್ತು ಸಂಗಮದೂರದ ಎರಡರಷ್ಟು ದೂರದಲ್ಲಿರುವುದರಿಂದ, ಓದಿಕೊಂಡು ಬಂದವರು ಲೆಕ್ಕವನ್ನೇ ಮಾಡದೆ ಉತ್ತರಿಸುತ್ತಾರೆ. 35 ಎಂದರೆ ಭೌತಶಾಸ್ತ್ರ ಅದೇ ಇದ್ದರೂ ಉತ್ತರ 46.67 ಆಗಿ, ಭಾಗಾಕಾರದಲ್ಲಿಯೇ ಸಮಯ ಕಳೆದುಹೋಗುತ್ತದೆ.

ಆದ್ದರಿಂದ ನಾನು ಉತ್ತರದಿಂದ ಹಿಂದಕ್ಕೆ ಬರುತ್ತೇನೆ. ವರ್ಧನೆಯ ಪ್ರಮಾಣ k ಎಂದು ಮೊದಲೇ ನಿಶ್ಚಯಿಸಿಕೊಂಡರೆ, ವಸ್ತುದೂರದ ಪ್ರಮಾಣ f(1 + 1/k), ಪ್ರತಿಬಿಂಬದ ದೂರ f(1 + k) ಎಂದು ಬರುತ್ತದೆ. f ಎಂಬುದು k ಯಿಂದ ಭಾಗವಾಗುವ ಸಂಖ್ಯೆಯಾಗಿದ್ದರೆ ಎಲ್ಲವೂ ಪೂರ್ಣಾಂಕಗಳೇ. ಹೀಗೆ k ಗೆ ಕ್ರಮವಾಗಿ 2, 3 ಮತ್ತು 4 ಇಟ್ಟುಕೊಂಡರೆ, ಸಂಗಮದೂರ f ಮತ್ತು ವಸ್ತುದೂರಗಳಾಗಿ ಎ ಪತ್ರಿಕೆಗೆ 20 ಮತ್ತು 30, ಬಿ ಪತ್ರಿಕೆಗೆ 12 ಮತ್ತು 16, ಸಿ ಪತ್ರಿಕೆಗೆ 20 ಮತ್ತು 25 ದೊರೆಯುತ್ತವೆ. ಪ್ರತಿಬಿಂಬದ ದೂರಗಳು ಕ್ರಮವಾಗಿ 60, 48 ಮತ್ತು 100 ಸೆಂ.ಮೀ. ಮೂರರಲ್ಲೂ ಭಿನ್ನರಾಶಿಗಳನ್ನು ಕಳೆದಾಗ ಅಂಶದಲ್ಲಿ 1 ಮಾತ್ರ ಉಳಿಯುತ್ತದೆ.

ಇಷ್ಟಕ್ಕೆ ಮೂರೂ ಸಮಾನವಾದವೆಂದು ತೋರುತ್ತದೆ, ಆದರೆ ಆಗಿರುವುದಿಲ್ಲ. ಪ್ರತಿಯೊಂದು ಲೆಕ್ಕವನ್ನೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವ ದಾರಿಯಲ್ಲಿಯೂ ಬಿಡಿಸಿ ನೋಡುವುದು ನನ್ನ ರೂಢಿ, ಮತ್ತು ಈ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ ಎಂದು ನಾನು ನಂಬುತ್ತೇನೆ. 1/v = 1/f + 1/u ಎಂಬ ಸೂತ್ರದಲ್ಲಿ u ಗೆ ಋಣ ಚಿಹ್ನೆ ಹಾಕಲು ಮರೆತವರಿಗೆ ಎ ಪತ್ರಿಕೆಯಲ್ಲಿ 5/60, ಅಂದರೆ ಸರಿಯಾಗಿ 12 ಸೆಂ.ಮೀ. ಬರುತ್ತದೆ. ಉತ್ತರ ಅಚ್ಚುಕಟ್ಟಾಗಿರುವುದರಿಂದ ಅವರು ಅದಕ್ಕೆ ಚೌಕ ಹಾಕಿ ಮುಂದೆ ಹೋಗುತ್ತಾರೆ. ಬಿ ಪತ್ರಿಕೆಯಲ್ಲಿ ಅದೇ ತಪ್ಪು 7/48 ಕೊಟ್ಟು ಉತ್ತರ 6.86 ಆಗುತ್ತದೆ, ಸಿ ಪತ್ರಿಕೆಯಲ್ಲಿ 11.11. ಇಂಥ ಸಂಖ್ಯೆ ಕಂಡ ವಿದ್ಯಾರ್ಥಿ ಅನುಮಾನಗೊಂಡು ಹಿಂದಿನ ಸಾಲಿಗೆ ಮರಳಿ ಚಿಹ್ನೆಯನ್ನು ಸರಿಪಡಿಸಿಕೊಳ್ಳುವ ಸಾಧ್ಯತೆ ಇದೆ. ಎರಡು ಪತ್ರಿಕೆಗಳು ವಿದ್ಯಾರ್ಥಿಯನ್ನು ಎಚ್ಚರಿಸುತ್ತವೆ, ಒಂದು ಎಚ್ಚರಿಸುವುದಿಲ್ಲ. ಇದು ಎ ಪತ್ರಿಕೆ ಸಿಕ್ಕವರಿಗೆ ಆಗುವ ಅನ್ಯಾಯ.

ತಪ್ಪು ಉತ್ತರದ ಸೂತ್ರ f(k + 1)/(2k + 1). k = 2 ಆದಾಗ ಛೇದ 5 ಆಗುವುದರಿಂದ ಉತ್ತರ ಪೂರ್ಣಾಂಕವಾಗಿ ಅಥವಾ ಒಂದೇ ದಶಮಾಂಶದಲ್ಲಿ ಮುಗಿದುಬಿಡುತ್ತದೆ; k = 3 ಆದಾಗ ಛೇದ 7. ಹಾಗಾಗಿ ಮೂರೂ ಪತ್ರಿಕೆಗಳಿಗೆ k = 3 ಇಟ್ಟುಕೊಂಡು, 7 ರಿಂದ ಭಾಗವಾಗದ ಸಂಗಮದೂರಗಳನ್ನು ಆರಿಸಿದೆ: 12 ಮತ್ತು 16, 15 ಮತ್ತು 20, 18 ಮತ್ತು 24. ಸರಿಯುತ್ತರಗಳು 48, 60 ಮತ್ತು 72 ಸೆಂ.ಮೀ.; ಚಿಹ್ನೆ ತಪ್ಪಿದರೆ ಮೂರರಲ್ಲೂ ಮುಗಿಯದ ದಶಮಾಂಶ. ವರ್ಧನೆ ಎಲ್ಲದರಲ್ಲೂ −3 ಆಗುವುದರಿಂದ ಅದನ್ನು ನೇರವಾಗಿ ಕೇಳುವಂತಿಲ್ಲ, ಪಕ್ಕದವರಿಂದ ಒಂದೇ ಒಂದು ಅಂಕಿ ಕೇಳಿಸಿಕೊಂಡರೆ ಸಾಕಾಗುತ್ತದೆ. ಅದರ ಬದಲು ವಸ್ತುವಿನ ಎತ್ತರವನ್ನು ಕ್ರಮವಾಗಿ 2, 3 ಮತ್ತು 4 ಸೆಂ.ಮೀ. ಎಂದು ಕೊಟ್ಟು ಪ್ರತಿಬಿಂಬದ ಎತ್ತರವನ್ನು ಕೇಳಿದೆ. ಉತ್ತರ 6, 9 ಮತ್ತು 12 ಸೆಂ.ಮೀ., ಮೂರೂ ತಲೆಕೆಳಗು.

ಇತರ ಅಧ್ಯಾಯಗಳಲ್ಲಿಯೂ ಮೊದಲು ಹುಡುಕಬೇಕಾದದ್ದು, ಸಂಗಮದೂರದಂತೆ ದಾಟಿದೊಡನೆ ಪ್ರಶ್ನೆಯ ಸ್ವರೂಪವೇ ಬದಲಾಗುವ ಗಡಿಗಳನ್ನೇ. ದ್ಯುತಿವಿದ್ಯುತ್ ಪರಿಣಾಮದ ಲೆಕ್ಕದಲ್ಲಿ 2.14 eV ವರ್ಕ್ ಫಂಕ್ಷನ್ ಇರುವ ಸೀಸಿಯಂಗೆ 400 nm ಬದಲು 600 nm ಕೊಟ್ಟರೆ ಫೋಟಾನಿನ ಶಕ್ತಿ ಸುಮಾರು 2.07 eV ಗೆ ಇಳಿದು ಎಲೆಕ್ಟ್ರಾನ್ ಹೊರಬರುವುದೇ ಇಲ್ಲ.

ಮೌಲ್ಯಮಾಪನದ ನಂತರ ಪತ್ರಿಕೆಗಳ ಸರಾಸರಿ ಅಂಕಗಳನ್ನಷ್ಟೇ ಹೋಲಿಸಿದರೆ ಹೆಚ್ಚೇನೂ ತಿಳಿಯದು, ಏಕೆಂದರೆ ಒಂದು ತರಗತಿಯಲ್ಲಿ ಪ್ರತಿ ಪತ್ರಿಕೆ ಬರೆದವರು ಕೆಲವರೇ ಆಗಿರುತ್ತಾರೆ ಮತ್ತು ಚುರುಕಾದವರು ಒಂದೇ ಕಡೆ ಸೇರಿರಬಹುದು. ನಾನು ಸೂತ್ರ, ಚಿಹ್ನೆಯೊಡನೆ ಬೆಲೆ ಹಾಕುವುದು, ಉತ್ತರ ಎಂಬ ಮೂರು ಹಂತಗಳ ಅಂಕಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುತ್ತೇನೆ. ಸೂತ್ರದ ಅಂಕ ಮೂರೂ ಪತ್ರಿಕೆಗಳಲ್ಲಿ ಹತ್ತಿರ ಹತ್ತಿರವಿದ್ದು, ಎರಡನೆಯ ಹಂತದಲ್ಲಿ ಮಾತ್ರ ಒಂದು ಪತ್ರಿಕೆ ಹಿಂದೆ ಬಿದ್ದಿದ್ದರೆ, ಅದರ ಸಂಖ್ಯೆಗಳನ್ನು ಮುಂದಿನ ಪರೀಕ್ಷೆಗೆ ಬಳಸುವ ಮೊದಲು ತಪ್ಪು ದಾರಿಯಲ್ಲಿ ಮತ್ತೊಮ್ಮೆ ಬಿಡಿಸಿ ನೋಡುತ್ತೇನೆ.