ಒಂದೇ ಮಾಸಿನ ಅವಳಿಗಳಲ್ಲಿ ಟಿಟಿಟಿಎಸ್: ಹಂತ ಗುರುತಿಸುವುದು, ಲೇಸರ್ ಮಾಡುವುದು

ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ಬರುವ ಅವಳಿ ಬಸುರಿಯರ ಫೈಲಿನಲ್ಲಿ ನಾನು ಮೊದಲು ನೋಡುವುದು 11ರಿಂದ 14 ವಾರದೊಳಗಿನ ಸ್ಕ್ಯಾನ್. ಎರಡು ಚೀಲಗಳ ನಡುವಿನ ಪೊರೆ ಮಾಸಿಗೆ ತಾಗುವಲ್ಲಿ ದಪ್ಪ ತ್ರಿಕೋನ ಕಂಡರೆ ಕೂಸುಗಳ ಮಾಸು ಬೇರೆ ಬೇರೆ. ಪೊರೆ ತೆಳ್ಳಗೆ, ‘ಟಿ’ ಆಕಾರದಲ್ಲಿ ಸೇರಿದ್ದರೆ ಮಾಸು ಒಂದೇ. ಒಂದೇ ಮಾಸಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಆಗಲೇಬೇಕು. ಇಂಥ ನೂರು ಬಸಿರಿನಲ್ಲಿ ಹತ್ತು-ಹದಿನೈದರಲ್ಲಿ ಟಿಟಿಟಿಎಸ್, ಅಂದರೆ ಒಂದು ಅವಳಿಯ ರಕ್ತ ಇನ್ನೊಂದಕ್ಕೆ ಹರಿದುಹೋಗುವ ರೋಗ, ಬರುತ್ತದೆ. ಮಾಸಿನೊಳಗಿನ ರಕ್ತನಾಳಗಳ ಕೂಡುಹಾದಿಯಲ್ಲಿ ಒಂದು ಕೂಸಿನ ರಕ್ತ ಇನ್ನೊಂದರ ಕಡೆಗೇ ಹೆಚ್ಚು ಹರಿಯುತ್ತದೆ. ಕೊಡುವ ಕೂಸಿನ ಮೂತ್ರ ಕಡಿಮೆಯಾಗಿ ಅದರ ಚೀಲ ಒಣಗುತ್ತದೆ. ಪಡೆಯುವ ಕೂಸು ಹೆಚ್ಚು ಮೂತ್ರ ಮಾಡಿ ಅದರ ಚೀಲ ಉಬ್ಬುತ್ತದೆ.

ರಾಣೆಬೆನ್ನೂರು ಕಡೆಯ ಒಬ್ಬ ತಾಯಿ 19ನೇ ವಾರದಲ್ಲಿ ಬಂದಾಗ ಹೇಳಿದ್ದು ಇಷ್ಟೇ: “ಡಾಕ್ಟರ್ರ, ಒಂದ ವಾರದಾಗ ಹೊಟ್ಟಿ ಭಾಳ ಬಿಗದೈತ್ರಿ, ರಾತ್ರಿ ಮಲಗಾಕ ಆಗವಲ್ದು.” ಇಂಥ ಮಾತು ಕೇಳಿದರೆ ಅಪಾಯಿಂಟ್‌ಮೆಂಟ್ ದಿನದವರೆಗೆ ಕಾಯಿಸಬಾರದು. ಒಂದು ಚೀಲದಲ್ಲಿ ನೀರಿನ ಅತಿ ಆಳದ ಜಾಗ 9.4 ಸೆಂ.ಮೀ. ಇತ್ತು, ಇನ್ನೊಂದರಲ್ಲಿ 1.2. ರೋಗ ಎನ್ನಲು ಎರಡೂ ಒಟ್ಟಿಗೆ ಬೇಕು: ಒಂದೆಡೆ 2 ಸೆಂ.ಮೀ. ಅಥವಾ ಕಡಿಮೆ, ಇನ್ನೊಂದೆಡೆ 8 ಅಥವಾ ಹೆಚ್ಚು. 20 ವಾರ ದಾಟಿದ ಮೇಲೆ ನಾವು 8ರ ಬದಲು 10 ಹಿಡಿಯುತ್ತೇವೆ. ಒಂದರಲ್ಲಿ ನೀರು ಕಡಿಮೆ, ಇನ್ನೊಂದರಲ್ಲಿ ಸಹಜ ಎಂದಾದರೆ ಅದು ಟಿಟಿಟಿಎಸ್ ಅಲ್ಲ. ಒಂದು ಕೂಸಿನ ಬೆಳವಣಿಗೆಯಷ್ಟೇ ಕುಂಠಿತವಾಗಿರಬಹುದು.

ಇಲ್ಲಿ ಕಣ್ಣು ತಪ್ಪಿಸುವ ಒಂದು ಸಂಗತಿ ಇದೆ. ನೀರಿಲ್ಲದ ಕೂಸಿಗೆ ಪೊರೆ ಮೈಗಂಟಿದ ಬಟ್ಟೆಯಂತೆ ಸುತ್ತಿಕೊಂಡಿರುತ್ತದೆ. ಪೊರೆ ಕಾಣದ್ದರಿಂದ ಎರಡೂ ಒಂದೇ ಚೀಲದಲ್ಲಿವೆ, ನೀರು ಧಾರಾಳವಾಗಿದೆ ಅನಿಸಿಬಿಡುತ್ತದೆ. ಆಗ ತಾಯಿಯನ್ನು ಮಗ್ಗುಲಿಗೆ ಹೊರಳಿಸಿ ನೋಡಬೇಕು. ಸ್ವತಂತ್ರವಾಗಿರುವ ಕೂಸು ಕೆಳಕ್ಕೆ ಸರಿಯುತ್ತದೆ, ಅಂಟಿದ ಕೂಸು ಗರ್ಭಕೋಶದ ಗೋಡೆಗೆ ಹಾಗೇ ತೂಗಿಕೊಂಡಿರುತ್ತದೆ.

ಮುಂದಿನದು ಕೊಡುವ ಕೂಸಿನ ಮೂತ್ರಕೋಶ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿದರೆ ಹೊಕ್ಕುಳಬಳ್ಳಿಯ ಎರಡು ಅಪಧಮನಿಗಳು ಮೂತ್ರಕೋಶದ ಎರಡೂ ಬದಿ ಹಾಯುವುದು ಕಾಣುತ್ತದೆ. ಅವುಗಳ ನಡುವೆ ಕಪ್ಪು ಗುಳ್ಳೆ ಇದೆಯೇ ಎಂದು ನೋಡಬೇಕು. ಕೂಸು ಆಗಷ್ಟೇ ಮೂತ್ರ ಮಾಡಿರಬಹುದು, ಹಾಗಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡದೆ ‘ಇಲ್ಲ’ ಎಂದು ಬರೆಯುವುದಿಲ್ಲ. ಈ ತಾಯಿಯಲ್ಲಿ ಎರಡನೇ ಸಲವೂ ಗುಳ್ಳೆ ಕಾಣಲಿಲ್ಲ. ಡಾಪ್ಲರ್ ಹರಿವು ಎರಡರಲ್ಲೂ ಸರಿಯಿತ್ತು. ರೋಗದ ತೀವ್ರತೆಯನ್ನು ಐದು ಹಂತಗಳಲ್ಲಿ ಗುರುತಿಸುವ ಕ್ವಿಂಟೆರೊ ಪಟ್ಟಿಯಲ್ಲಿ ಇದು ಎರಡನೇ ಹಂತ. ಮೂತ್ರಕೋಶ ಕಂಡಿದ್ದರೆ ಒಂದು. ಡಾಪ್ಲರ್ ತೀವ್ರವಾಗಿ ಕೆಟ್ಟಿದ್ದರೆ ಮೂರು. ಒಂದು ಕೂಸಿನ ಮೈಯಲ್ಲಿ ನೀರು ತುಂಬಿದ್ದರೆ ನಾಲ್ಕು. ಕೂಸು ತೀರಿಕೊಂಡಿದ್ದರೆ ಐದು. ಇವು ಮೆಟ್ಟಿಲಿನಂತೆ ಒಂದೊಂದಾಗಿ ಬರುತ್ತವೆಂದು ನಂಬಬಾರದು. ಒಂದರಿಂದ ಮೂರಕ್ಕೆ ಕೆಲವೇ ದಿನದಲ್ಲಿ ಜಿಗಿಯುವುದುಂಟು.

ತಾಯಿಗೆ ತೊಂದರೆ ಇಲ್ಲದ ಒಂದನೇ ಹಂತವನ್ನು ವಾರವಾರ ನೋಡುತ್ತ ಕಾಯಬಹುದು. ಎರಡರಿಂದ ನಾಲ್ಕಕ್ಕೆ, 16ರಿಂದ 26 ವಾರದೊಳಗಾದರೆ, ಆ ಕೂಡುಹಾದಿಗಳನ್ನು ಸುಟ್ಟು ಮುಚ್ಚುವ ಲೇಸರ್. ಈ ತಾಯಿಯನ್ನು ಅಂದಿನ ರಾತ್ರಿ ರೈಲಿಗೇ ಬೆಂಗಳೂರಿಗೆ ಕಳಿಸಿದೆವು. ಲೇಸರನ್ನು ಅಲ್ಲಿನ ತಂಡದೊಂದಿಗೆ ಮಾಡುತ್ತೇನೆ. ಕಳಿಸುವ ಮುನ್ನ ‘ಸ್ವಲ್ಪ ಹಗುರಾಗಲಿ’ ಎಂದು ಊರಲ್ಲೇ ನೀರು ತೆಗೆಸಬೇಡಿ ಎಂದು ವೈದ್ಯ ಮಿತ್ರರಿಗೆ ಕೈಮುಗಿದು ಹೇಳುತ್ತೇನೆ. ಸೂಜಿಯಿಂದ ರಕ್ತ ಬೆರೆತರೆ ಒಳಗೆ ನಾಳಗಳೇ ಕಾಣುವುದಿಲ್ಲ, ನಡುವಿನ ಪೊರೆ ತೂತಾದರೆ ಕೆಲಸ ಇನ್ನೂ ಕಷ್ಟ. 2004ರ ಯುರೋಫೀಟಸ್ ಅಧ್ಯಯನದಲ್ಲಿ, ಹುಟ್ಟಿದ 28 ದಿನದವರೆಗೆ ಕನಿಷ್ಠ ಒಂದು ಕೂಸಾದರೂ ಉಳಿದದ್ದು ಲೇಸರ್‌ನಲ್ಲಿ 76%, ನೀರು ತೆಗೆಯುವುದರಲ್ಲಿ 56%.

ಸಾಮಾನ್ಯವಾಗಿ ಚರ್ಮ ಮರಗಟ್ಟಿಸಿದರೆ ಸಾಕು. ಮಾಸನ್ನು ತಪ್ಪಿಸಿ, ನೀರು ಹೆಚ್ಚಿರುವ ಚೀಲಕ್ಕೆ ಸುಮಾರು 3 ಮಿ.ಮೀ. ಕೊಳವೆ ಇಳಿಸಿ, ಅದರೊಳಗೆ ದುರ್ಬೀನು ಬಿಡುತ್ತೇವೆ. ಮಾಸು ಹಿಂಬದಿಗಿದ್ದರೆ ಸಲೀಸು. ಮುಂಬದಿಗಿದ್ದರೆ ಓರೆಯಾಗಿ ಹೋಗಬೇಕಾಗಿ ಕೋನ ಕೆಡುತ್ತದೆ. ಪೊರೆಯ ಗೆರೆ ಹಿಡಿದು ಎರಡೂ ಕಡೆಯ ನಾಳಗಳನ್ನು ಹಿಂಬಾಲಿಸುತ್ತೇವೆ. ಅಪಧಮನಿ ಕಪ್ಪಗೆ, ಅಭಿಧಮನಿ ಕೆಂಪಗೆ ಕಾಣುತ್ತದೆ, ಮತ್ತು ದಾಟುವಲ್ಲಿ ಅಪಧಮನಿಯೇ ಮೇಲಿರುತ್ತದೆ. ಒಂದು ಕೂಸಿನ ಅಪಧಮನಿ ಮಾಸಿನೊಳಗೆ ಮುಳುಗಿದ ಜಾಗದಲ್ಲೇ ಇನ್ನೊಂದರ ಅಭಿಧಮನಿ ಎದ್ದರೆ ಅದೇ ಕೂಡುಹಾದಿ. ಫೈಬರ್ ತುದಿಯನ್ನು ಸುಮಾರು 1 ಸೆಂ.ಮೀ. ದೂರದಲ್ಲಿ, ಆದಷ್ಟು ನೇರವಾಗಿ ಹಿಡಿದು ನಾಳ ಬೆಳ್ಳಗಾಗುವವರೆಗೆ ಸುಡುತ್ತೇವೆ. ತೀರ ಹತ್ತಿರ ಹೋದರೆ ನಾಳ ಒಡೆದು ನೀರೆಲ್ಲ ಮಬ್ಬಾಗುತ್ತದೆ. ಸುಟ್ಟ ಬಿಂದುಗಳನ್ನು ಮಾಸಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಗೆರೆಯಾಗಿ ಜೋಡಿಸುತ್ತೇವೆ. ಸಾಲಮನ್ ವಿಧಾನವೆಂದರೆ ಇದೇ. ಕಣ್ಣಿಗೆ ಬೀಳದ ಸಣ್ಣ ನಾಳಗಳೂ ಮುಚ್ಚುವುದರಿಂದ ರೋಗ ಮರುಕಳಿಸುವುದು ಕಡಿಮೆ. ಕೊನೆಗೆ ಆಳ 6 ಸೆಂ.ಮೀ.ಗೆ ಇಳಿಯುವವರೆಗೆ ನೀರು ತೆಗೆಯುತ್ತೇವೆ.

ಈ ತಾಯಿಗೆ ಮರುದಿನ ಎರಡೂ ಹೃದಯಗಳ ಬಡಿತ ಸಿಕ್ಕಿತು, ಒಂದು ವಾರದೊಳಗೆ ಕೊಡುವ ಕೂಸಿನ ಮೂತ್ರಕೋಶವೂ ಕಂಡಿತು. ಆಮೇಲಿನ ವಾರವಾರದ ಸ್ಕ್ಯಾನ್ ಹುಬ್ಬಳ್ಳಿಯಲ್ಲೇ. ನೀರಿನ ಜೊತೆ ಮಿದುಳಿನ ಮಧ್ಯ ಅಪಧಮನಿಯ ವೇಗವನ್ನೂ ಅಳೆಯುತ್ತೇವೆ. ಅದು ಒಂದರಲ್ಲಿ ಆ ವಾರದ ಸರಾಸರಿಯ ಒಂದೂವರೆ ಪಟ್ಟು ಮೀರಿ, ಇನ್ನೊಂದರಲ್ಲಿ ಸರಾಸರಿಗಿಂತ ಕಡಿಮೆಯಾದರೆ ಯಾವುದೋ ಸಣ್ಣ ನಾಳ ಇನ್ನೂ ತೆರೆದಿದೆ, ಒಂದು ಕೂಸಿಗೆ ರಕ್ತಹೀನತೆ ಆಗುತ್ತಿದೆ ಎಂದರ್ಥ. ತಾಯಿಗೆ ಹೇಳಿ ಕಳಿಸುವುದು ಎರಡು ಮಾತು: ಕೆಳಗೆ ನೀರು ಸೋರಿದರೆ, ಇಲ್ಲವೇ ಹೊಟ್ಟೆ ಮತ್ತೆ ಬಿಗಿದರೆ, ಆ ಕ್ಷಣವೇ ಹೊರಡಬೇಕು. ಲೇಸರ್ ಆದ ಮೇಲೆ ಅವಧಿಗೆ ಮುನ್ನ ನೀರು ಒಡೆಯುವುದೇ ನಮಗೆ ಹೆಚ್ಚು ಕಾಡುವ ತೊಡಕು.