ಒಂದು ಅಳತೆ ತಪ್ಪಾಗಿತ್ತು, ತಿದ್ದುಪಡಿ ಹೀಗೆ ಬರೆದೆ

ಭೇದಿಯಾದಾಗ ಮನೆಯಲ್ಲೇ ಓಆರ್‌ಎಸ್ ಕಲಸುವುದು ಹೇಗೆ ಎಂದು ಬರೆದಿದ್ದೆ. 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದು ಸರಿಯಾದ ಅಳತೆ. ನಾನು ಬರೆದದ್ದು ‘ಅರ್ಧ ಲೀಟರ್ ನೀರು’ ಅಂತ. ಅದರಂತೆ ಕಲಸಿದರೆ ಉಪ್ಪು, ಸಕ್ಕರೆ ಎರಡೂ ಇಮ್ಮಡಿ ಗಟ್ಟಿಯಾಗುತ್ತವೆ. ಉಪ್ಪು ಜಾಸ್ತಿಯಾದರೆ ಚಿಕ್ಕ ಮಕ್ಕಳಿಗೆ ಅಪಾಯ. ಸಕ್ಕರೆ ಜಾಸ್ತಿಯಾದರೆ ಭೇದಿಯೇ ಹೆಚ್ಚಾಗಬಹುದು.

ಓದುಗರೊಬ್ಬರು ಇದನ್ನು ತೋರಿಸಿದರು. ಮೊದಲು ಅಳತೆಯನ್ನು ಮತ್ತೆ ಪರಿಶೀಲಿಸಿದೆ. ಅವಸರದಲ್ಲಿ ತಿದ್ದಿ, ಆ ತಿದ್ದುಪಡಿಯೂ ತಪ್ಪಾದರೆ ಮೂರನೇ ಸಲ ನಮ್ಮ ಮಾತನ್ನು ಯಾರು ನಂಬುತ್ತಾರೆ? ಖಚಿತವಾದ ಮೇಲೆ ಬರಹದೊಳಗಿನ ಅಂಕಿ ಬದಲಾಯಿಸಿದೆ. ಕಾಗುಣಿತದ ತಪ್ಪಾಗಿದ್ದರೆ ಅಷ್ಟಕ್ಕೇ ಸುಮ್ನಾಗುತ್ತಿದ್ದೆ. ಇದು ಹಾಗಲ್ಲ, ಹಳೆಯದನ್ನು ಓದಿ ಬರೆದಿಟ್ಟುಕೊಂಡವರು ಇದ್ದೇ ಇರುತ್ತಾರೆ ಅಲ್ವಾ?

ಟಿಪ್ಪಣಿಯ ಮೊದಲ ಕರಡು ಹೀಗಿತ್ತು: ‘ಈ ಬರಹದಲ್ಲಿ ಅಳತೆಯ ಬಗ್ಗೆ ಸ್ವಲ್ಪ ಗೊಂದಲವಾಗಿತ್ತು, ಈಗ ಸರಿಪಡಿಸಲಾಗಿದೆ.’ ಇದನ್ನು ಓದಿದ ತಾಯಿಗೆ ಏನು ಗೊತ್ತಾಗುತ್ತದೆ? ಯಾವ ಅಳತೆ, ಉಪ್ಪೋ ನೀರೋ? ಏನೂ ಇಲ್ಲ. ‘ಗೊಂದಲ’, ‘ಸರಿಪಡಿಸಲಾಗಿದೆ’ ಎಂಬ ಮಾತುಗಳಲ್ಲಿ ತಪ್ಪು ಯಾರದ್ದು ಎಂಬುದೂ ಮರೆಯಾಗುತ್ತದೆ. ಅದನ್ನು ಹರಿದುಹಾಕಿ ಹೀಗೆ ಬರೆದೆ:

‘ತಿದ್ದುಪಡಿ: 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪಿಗೆ 1 ಲೀಟರ್ ಶುದ್ಧ ನೀರು ಬೇಕು. ಚಮಚ ಮಟ್ಟಸವಾಗಿರಲಿ, ತುಂಬಿ ತುಳುಕುವಂತೆ ಬೇಡ. ಇಲ್ಲಿ ಮೊದಲು ನೀರನ್ನು ಅರ್ಧ ಲೀಟರ್ ಎಂದು ತಪ್ಪಾಗಿ ಬರೆದಿದ್ದೆ. ಆ ಅಳತೆಯಲ್ಲಿ ಕಲಸಿಟ್ಟಿದ್ದರೆ ಚೆಲ್ಲಿಬಿಡಿ. ಮಗುವಿಗೆ ಕುಡಿಸಿದ್ದರೆ ವೈದ್ಯರಿಗೆ ತಿಳಿಸಿ. ತಪ್ಪು ನನ್ನದು, ಕ್ಷಮಿಸಿ.’

ಸರಿಯಾದ ಅಳತೆಯನ್ನೇ ಮೊದಲು ಇಟ್ಟೆ. ಅವಸರದಲ್ಲಿ ಓದುವವರಿಗೆ ಮೊದಲ ಸಾಲಿನ ಅಂಕಿಯೇ ನೆನಪಿನಲ್ಲಿ ಉಳಿಯುತ್ತದೆ. ಆದರೂ ಹಳೆಯ ಅಂಕಿಯನ್ನು ಹೇಳಲೇಬೇಕು, ಇಲ್ಲದಿದ್ದರೆ ತಮ್ಮ ಹತ್ತಿರ ಇರುವುದು ಯಾವುದು ಎಂದು ಅವರಿಗೆ ತಿಳಿಯುವುದಿಲ್ಲ. ‘ಅರ್ಧ ಚಮಚ’ದ ಅರ್ಧ ನೀರಿಗೂ ಅಂಟಿಕೊಂಡಿತು ಎಂಬ ವಿವರಣೆ ಕರಡಿನಲ್ಲಿತ್ತು, ತೆಗೆದೆ. ಮಗುವಿಗೆ ಕುಡಿಸಿದವರಿಗೆ ಅದು ಬೇಕಿಲ್ಲ. ಕ್ಷಮೆಗೂ ಎರಡೇ ಮಾತು ಸಾಕು. ಅದೇ ಉದ್ದವಾದರೆ ಓದುವವರ ಗಮನ ಅಳತೆಯಿಂದ ನನ್ನ ಕಡೆಗೆ ತಿರುಗುತ್ತದೆ.

ಟಿಪ್ಪಣಿಯನ್ನು ದಿನಾಂಕದ ಸಮೇತ ಬರಹದ ತಲೆಯ ಮೇಲೆ ಹಾಕಿದೆ. ಕೆಳಗೆ ಹಾಕಿದರೆ ಅಳತೆ ಸಿಕ್ಕ ಕೂಡಲೇ ಓದು ನಿಲ್ಲಿಸುವವರಿಗೆ ಕಾಣುವುದಿಲ್ಲ. ಆಮೇಲೆ ಅದೇ ಅಂಕಿ ಬೇರೆಲ್ಲಿ ಉಳಿದಿದೆ ಎಂದು ಹುಡುಕಿದೆ. ಜೊತೆಗಿದ್ದ ಚಿತ್ರದೊಳಗೂ ‘ಅರ್ಧ ಲೀಟರ್’ ಇತ್ತು! ಚಿತ್ರ ಬರಹದಿಂದ ಬೇರೆಯಾಗಿ ಹಂಚಿಕೆಯಾಗುತ್ತದೆ, ಹಾಗಾಗಿ ಹೊಸ ಚಿತ್ರದೊಳಗೇ ‘ತಿದ್ದಿದ್ದು’ ಎಂದು ಬರೆಸಿದೆ. ಹಳೆಯದನ್ನು ಹಂಚಿಕೊಂಡಿದ್ದಾರೆ ಎಂದು ನನಗೆ ಗೊತ್ತಿದ್ದವರಿಗೆಲ್ಲ ಹೊಸದನ್ನು ಕಳಿಸಿ, ನೀವು ಕಳಿಸಿದ ಕಡೆಗೂ ಇದನ್ನು ಮುಟ್ಟಿಸಿ ಎಂದು ಕೇಳಿಕೊಂಡೆ. ಎಲ್ಲರಿಗೂ ಅದು ತಲುಪಿರಲಾರದು. ಅದಕ್ಕೇ ಆ ಟಿಪ್ಪಣಿಯನ್ನು ಇವತ್ತಿಗೂ ತೆಗೆದಿಲ್ಲ.