ಸ್ಟೀಮ್ ಡೆಕ್‌ಗೆ 40 ಫ್ರೇಮ್ ಸಾಕು: ಬ್ಯಾಟರಿ ಉಳಿಸಲು ನಾನು ಇಟ್ಟುಕೊಂಡ ಸೆಟ್ಟಿಂಗ್

ನನ್ನದು ಎಲ್‌ಸಿಡಿ ಪರದೆಯ ಹಳೇ ಸ್ಟೀಮ್ ಡೆಕ್, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್. ಬ್ಯಾಟರಿ 40 ವ್ಯಾಟ್-ಅವರ್, ಪರದೆ 1280x800. ಭಾರವಾದ ಓಪನ್ ವರ್ಲ್ಡ್ ಆಟವೊಂದನ್ನು ಮಿತಿ ಹಾಕದೆ ಆಡಿದಾಗ ಬ್ಯಾಟರಿಯಿಂದ 23 ವ್ಯಾಟ್ ಎಳೆಯುತ್ತಿತ್ತು. 40ನ್ನು 23ರಿಂದ ಭಾಗಿಸಿದರೆ ಒಂದೂಮುಕ್ಕಾಲು ಗಂಟೆ. ದಾವಣಗೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದರೆ ಬೀರೂರು, ಕಡೂರಿನ ಹೊತ್ತಿಗೆ ಚಾರ್ಜ್ ಮುಗಿಯುತ್ತದೆ. ಈಗ ಅದೇ ಆಟ 13 ವ್ಯಾಟ್‌ನಲ್ಲಿ ಓಡುತ್ತದೆ, ಮೂರು ಗಂಟೆ ಸಿಗುತ್ತದೆ.

ಮೂರು ಚುಕ್ಕಿಯ ಬಟನ್ ಒತ್ತಿ ಬ್ಯಾಟರಿ ಚಿತ್ರದ ಪುಟಕ್ಕೆ ಹೋಗಿ. ಮೊದಲು Use per-game profile ಆನ್ ಮಾಡಿ, ಇಲ್ಲದಿದ್ದರೆ ಈ ಆಟಕ್ಕೆ ಹಾಕಿದ ಮಿತಿ ಎಲ್ಲ ಆಟಕ್ಕೂ ಅಂಟಿಕೊಳ್ಳುತ್ತದೆ. ಆಮೇಲೆ Performance Overlay ಏರಿಸಿ, ಫ್ರೇಮ್ ಟೈಮ್ ಗೆರೆ ಮತ್ತು ಬ್ಯಾಟರಿಯ ವ್ಯಾಟ್ ಕಾಣುವಂತೆ ಇಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಈ ಎರಡನ್ನು ನೋಡಿಕೊಂಡೇ ಮಾಡುವುದು.

ಆಟ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕು ಎಂಬ ಫ್ರೇಮ್ ಮಿತಿಯನ್ನು 30ಕ್ಕೆ ಇಳಿಸಬೇಡಿ, 40ಕ್ಕೆ ಇಡಿ. 60ರಲ್ಲಿ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, 30ರಲ್ಲಿ 33.3. ಈ ಎರಡರ ನಟ್ಟನಡುವೆ ಬರುವುದು 25, ಅಂದರೆ 40 ಫ್ರೇಮ್. ಸಂಖ್ಯೆಯಲ್ಲಿ 30ಕ್ಕೆ ಹತ್ತಿರವಿದ್ದರೂ ಕೈಗೆ ಸಿಗುವ ಚುರುಕು 60ರತ್ತ ಅರ್ಧ ದಾರಿ ಬಂದಿರುತ್ತದೆ. ಆದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ Refresh Rate ಕೂಡ 40ಕ್ಕೇ ಬರಬೇಕು. ಪರದೆ 60ರಲ್ಲೇ ಉಳಿದರೆ ಒಂದು ಫ್ರೇಮ್ ಒಂದು ಸುತ್ತು, ಮುಂದಿನದು ಎರಡು ಸುತ್ತು ನಿಲ್ಲುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗಿಸಿದಾಗ ಗೋಡೆಯ ಅಂಚು ತಡವರಿಸುತ್ತಾ ಸಾಗುವುದು ಕಾಣುತ್ತದೆ. ಮೀಟರ್ ಮಾತ್ರ 40 ಎಂದೇ ತೋರಿಸುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಓಎಲ್ಇಡಿ ಮಾದರಿಯಲ್ಲಿ ಪರದೆ 90ರದು, ಅಲ್ಲಿ 45 ಫ್ರೇಮ್ ಸರಿಯಾಗಿ ಹೊಂದುತ್ತದೆ.

ಆಟದ ಒಳಗಿನ ಫ್ರೇಮ್ ಮಿತಿಯನ್ನು ತೆಗೆದುಬಿಡಿ. ಎರಡು ಕಡೆ ಮಿತಿ ಇದ್ದರೆ ಒಂದಕ್ಕೊಂದು ತಾಳ ತಪ್ಪಿ ಗೆರೆಯಲ್ಲಿ ಆಗಾಗ ಮುಳ್ಳು ಏಳುತ್ತದೆ. ಇಷ್ಟಕ್ಕೇ ನನ್ನದು 16 ವ್ಯಾಟ್‌ಗೆ ಇಳಿಯಿತು.

ಇನ್ನು TDP Limit. ಇದು ಚಿಪ್ ಎಷ್ಟು ವಿದ್ಯುತ್ ತಿನ್ನಬಹುದು ಎಂಬ ಮಿತಿ, 15ರಿಂದ 3 ವ್ಯಾಟ್‌ವರೆಗೆ ಇಳಿಸಬಹುದು. ಖಾಲಿ ಬಯಲಿನಲ್ಲಿ ನಿಂತು ಇದನ್ನು ಹೊಂದಿಸಬಾರದು. ಆಟದಲ್ಲಿ ಜನ ತುಂಬಿದ ಸಂತೆಯಂಥ ಜಾಗಕ್ಕೆ ಹೋಗಿ, ಓಡಾಡುತ್ತಾ ಒಂದೊಂದೇ ವ್ಯಾಟ್ ಇಳಿಸಿ. ಫ್ರೇಮ್ ಟೈಮ್ ಗೆರೆ ಮಟ್ಟಸವಾಗಿರುವವರೆಗೆ ಸರಿ. ಹಲ್ಲುಹಲ್ಲಾಗಿ ಕುಣಿಯತೊಡಗಿದರೆ ಒಂದು ವ್ಯಾಟ್ ಮೇಲೆ ತನ್ನಿ. ನನಗೆ 8ರಲ್ಲಿ ಕುಣಿಯಿತು, 9ರಲ್ಲಿ ನಿಂತಿತು. ಒಟ್ಟು ಎಳೆತ ಸುಮಾರು 14 ವ್ಯಾಟ್. ಉಳಿದ 5 ವ್ಯಾಟ್ ಪರದೆ, ವೈಫೈ, ಫ್ಯಾನ್ ಇತ್ಯಾದಿಗೆ ಹೋಗುತ್ತದೆ, TDP ಅದನ್ನು ಮುಟ್ಟುವುದಿಲ್ಲ. ಅದಕ್ಕೇ ಬೆಳಕನ್ನು ಕೈಯಾರೆ ಅರ್ಧಕ್ಕೆ ಇಳಿಸಬೇಕು. ಏಪ್ರಿಲ್‌ನ ದಾವಣಗೆರೆ ಬಿಸಿಲಿಗೆ ಈ ಮಿತಿ ಇನ್ನೊಂದು ಉಪಕಾರ ಮಾಡುತ್ತದೆ. ಈ ಯಂತ್ರಕ್ಕೆ ಹೇಳಿರುವ ಸುತ್ತಲಿನ ತಾಪ 35 ಡಿಗ್ರಿವರೆಗೆ ಮಾತ್ರ, 9 ವ್ಯಾಟ್‌ನಲ್ಲಿ ಫ್ಯಾನ್ ಕಿರುಚದೆ ಇರುತ್ತದೆ.

ಕೊನೆಗೆ ಸ್ಪಷ್ಟತೆ. ಆಟದ ರೆಸಲ್ಯೂಶನ್ 1152x720ಕ್ಕೆ ಇಳಿಸಿದರೆ ಪಿಕ್ಸೆಲ್ ಕೆಲಸ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, 16:10 ಅಳತೆಯೂ ಕೆಡುವುದಿಲ್ಲ. Scaling Filterನಲ್ಲಿ, ಸಣ್ಣ ಚಿತ್ರವನ್ನು ಪರದೆಯ ಅಳತೆಗೆ ಹಿಗ್ಗಿಸಿ ಚುರುಕುಗೊಳಿಸುವ FSR ಆರಿಸಿ Sharpness 2 ಅಥವಾ 3ಕ್ಕೆ ಇಡಿ. 5ಕ್ಕೆ ತಳ್ಳಿದರೆ ಎಲೆ, ಕೂದಲು, ಅಕ್ಷರಗಳ ಸುತ್ತ ಬಿಳಿ ಅಂಚು ಮೂಡಿ ಕಣ್ಣು ನೋಯುತ್ತದೆ. ಆಟ ಫುಲ್ ಸ್ಕ್ರೀನ್‌ನಲ್ಲಿ, 1280x800ಗಿಂತ ಕಡಿಮೆ ರೆಸಲ್ಯೂಶನ್‌ನಲ್ಲಿ ಓಡುತ್ತಿದ್ದರೆ ಮಾತ್ರ FSR ಕೆಲಸ ಮಾಡುತ್ತದೆ. ಬಾರ್ಡರ್‌ಲೆಸ್ ವಿಂಡೋದಲ್ಲಿದ್ದರೆ ಎಷ್ಟೋ ಆಟಗಳು ಪೂರ್ತಿ 800 ಸಾಲನ್ನೇ ಕೊಡುತ್ತಿರುತ್ತವೆ, Sharpness ಎಲ್ಲಿಗೆ ಎಳೆದರೂ ಚಿತ್ರ ಕದಲುವುದಿಲ್ಲ. ಹಾಗಾದರೆ ಮೊದಲು ಫುಲ್ ಸ್ಕ್ರೀನ್‌ಗೆ ಬದಲಿಸಿ ನೋಡಿ.

ಈ ರೆಸಲ್ಯೂಶನ್‌ನಲ್ಲಿ ಅದೇ ಸಂತೆ 8 ವ್ಯಾಟ್‌ಗೇ ಮಟ್ಟಸವಾಯಿತು, ಒಟ್ಟು 13. ಇನ್ನೂ ಕೆಳಗೆ, 960x600ಕ್ಕೆ ಹೋದರೆ ಮತ್ತಷ್ಟು ಉಳಿಯುತ್ತದೆ, ಆದರೆ ಚಿತ್ರದ ಜೊತೆ ಮೆನುವಿನ ಅಕ್ಷರವೂ ಹಿಗ್ಗಿ ಮಸುಕಾಗುವುದರಿಂದ ಸಣ್ಣ ಬರಹ ಓದಲಾಗದು. ಆಟದೊಳಗೇ FSR 2 ಇದ್ದರೆ ಅದನ್ನೇ ಬಳಸಿ, ರೆಸಲ್ಯೂಶನ್ 1280x800ರಲ್ಲೇ ಬಿಡಿ. ಅದು ಚಿತ್ರವನ್ನಷ್ಟೇ ಹಿಗ್ಗಿಸಿ, ಅಕ್ಷರಗಳನ್ನು ಪೂರ್ತಿ ಅಳತೆಯಲ್ಲೇ ಬರೆಯುತ್ತದೆ.